ವಿಲಾಯಾಕ್ಕೆ ಒಂದು ಇಂಗ್ಲಿಷ್ ಶಬ್ದ

ಕೊಲ್ಲಿಯ ಒಂದು ವಕೀಲರ ಕಚೇರಿಯಲ್ಲಿ ಅರಬ್ಬಿ ತೀರ್ಪುಗಳನ್ನು ಇಂಗ್ಲಿಷಿಗೆ ತಿರುಗಿಸುತ್ತ ಕೂದಲು ಕಳೆದುಕೊಂಡು ರಾಣೆಬೆನ್ನೂರಿಗೆ ಮರಳಿದವನು ನಾನು. ಇಲ್ಲಿಯವರ ಲೆಕ್ಕದಲ್ಲಿ ನಾನೊಂದು ಯಂತ್ರ. ಮೇಲಿಂದ ಅರಬ್ಬಿ ಹಾಕಿದರೆ ಕೆಳಗಿಂದ ಇಂಗ್ಲಿಷ್ ಉದುರಬೇಕು. ಆ ನಂಬಿಕೆಯಿಂದಲೇ ಹಾವೇರಿಯ ವಕೀಲರೊಬ್ಬರು ಬ್ಯಾಡಗಿಯ ಒಬ್ಬ ಶಾಲಾ ಶಿಕ್ಷಕಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು.

ಆಕೆಯ ಮದುವೆ ಕೊಲ್ಲಿಯ ಕೋರ್ಟಿನಲ್ಲಿಯೇ ವಿಚ್ಛೇದನದಲ್ಲಿ ಮುಗಿದಿತ್ತು. ಪುಟ್ಟ ಮಗಳೊಂದಿಗೆ ತವರಿಗೆ ಬಂದು ಶಾಲೆ ಸೇರಿದ್ದಳು. ಈಗ ಮಾಜಿ ಗಂಡ ಮಗಳು ತನಗೆ ಬೇಕೆಂದು ಹಾವೇರಿ ಕೋರ್ಟಿಗೆ ಹೋಗಿದ್ದ. ಜೊತೆಗೆ ಕೊಲ್ಲಿಯ ತೀರ್ಪಿನ ಕೊನೆಯ ಪುಟವನ್ನು ಮಾತ್ರ ಇಂಗ್ಲಿಷ್ ಮಾಡಿಸಿ ಲಗತ್ತಿಸಿದ್ದ. ಅರಬ್ಬಿಯಲ್ಲಿ ಹದಾನಾ ಎಂದಿದ್ದಲ್ಲಿ ತಾಯಿಗೆ ಕಸ್ಟಡಿ, ವಿಲಾಯಾ ಎಂದಿದ್ದಲ್ಲಿ ತಂದೆಗೆ ಗಾರ್ಡಿಯನ್‌ಶಿಪ್ ಎಂದಿತ್ತು. ನಮ್ಮ ಕೋರ್ಟಿನಲ್ಲಿ ಗಾರ್ಡಿಯನ್ ಎಂದರೆ ಮಗುವನ್ನು ಇಟ್ಟುಕೊಂಡು ನೋಡಿಕೊಳ್ಳುವವನೂ ಹೌದು. ಒಂದು ಸಾಲು ಕೊಟ್ಟಿದ್ದನ್ನು ಮುಂದಿನ ಸಾಲು ಕಿತ್ತುಕೊಂಡಿತ್ತು. ಅನುವಾದಿಸಿದ ಪಂಡಿತ, ಮದುವೆಯಲ್ಲಿ ಹೆಣ್ಣಿಗೆ ಸಲ್ಲುವ ಮಹರ್‌ಗೆ ವರದಕ್ಷಿಣೆ ಎಂಬರ್ಥದ ಇಂಗ್ಲಿಷ್ ಶಬ್ದ ಹಾಕಿ, ಗಂಡ ಹೆಂಡತಿಗೆ ವರದಕ್ಷಿಣೆ ಕೊಡಬೇಕೆಂದು ಕೋರ್ಟಿನ ಬಾಯಲ್ಲೇ ಹೇಳಿಸಿದ್ದ! ಅಂಥ ಅನುವಾದಕ್ಕೂ ಒಂದು ಮೊಹರು ಬಿದ್ದಿತ್ತು, ದುಂಡಗೆ, ಭಾರೀ ಚಂದವಾಗಿ.

“ಸರ, ನೀವು ಹೊಸದಾಗಿ ಮಾಡಿ ಕೊಡ್ರಿ,” ಎಂದರು ವಕೀಲರು. “ಹದಾನಾಕ್ಕ ಕಸ್ಟಡಿ ಇರಲಿ. ಆ ವಿಲಾಯಾ ಅನ್ನೋದನ್ನ ಹಗೂರಕ ಬಿಟ್ಟಬಿಡ್ರಿ. ಇಲ್ಲಿ ಅರಬ್ಬಿ ಯಾರಿಗೆ ಬರತದ?”

“ನನಗ ಬರತದಲ್ರೀ,” ಎಂದೆ.

ವಕೀಲರು ಜೋಕೆಂದುಕೊಂಡು ನಕ್ಕರು. ಅವರ ಮನಸ್ಸಿನಲ್ಲಿ ನಾನು ಆ ಶಬ್ದವನ್ನು ಆಗಲೇ ಬಿಟ್ಟುಬಿಟ್ಟಿದ್ದೆ.

ನನ್ನ ಕೆಲಸದ ರೂಢಿ ಬೇರೆ. ಇಂಗ್ಲಿಷಿನಲ್ಲಿ ಸರಿಸಾಟಿ ಇಲ್ಲದ ಶಬ್ದವನ್ನು ಇದ್ದಂತೆಯೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಪುಟದ ಕೆಳಗೆ ಟಿಪ್ಪಣಿ ಹಾಕುತ್ತೇನೆ. ಟಿಪ್ಪಣಿ ಶಬ್ದದ ವ್ಯಾಪ್ತಿ ಹೇಳಬೇಕು, ಯಾರು ಗೆಲ್ಲಬೇಕೆಂದಲ್ಲ. ಹದಾನಾ ಎಂದರೆ ಮಗುವನ್ನು ಬಳಿಯಲ್ಲಿಟ್ಟುಕೊಂಡು ಉಣಿಸಿ, ತೊಡಿಸಿ, ಬೆಳೆಸುವ ಹೊಣೆ. ಅದು ತಾಯಿಯದು. ವಿಲಾಯಾ ಎಂದರೆ ಮಗುವಿನ ಆಸ್ತಿ, ಮದುವೆ, ಸರಕಾರಿ ಕಾಗದಪತ್ರಗಳ ಮೇಲೆ ತಂದೆಗಿರುವ ಅಧಿಕಾರ. ಎರಡೂ ಕೂಡಿ ಒಂದೇ ಮಗುವಿನ ಮೇಲಿರಬಹುದು. ಇಡೀ ತೀರ್ಪನ್ನೂ ತರಿಸಿದೆ. ತಂದೆಯ ವಿಲಾಯಾ ಇದ್ದ ಮಾತ್ರಕ್ಕೆ ಮಗು ತಾಯಿಯ ಬಳಿ ಇರುವುದಕ್ಕೆ ಅಡ್ಡಿಯಿಲ್ಲ ಎಂದು ಒಳಗಿನ ಪುಟದಲ್ಲಿತ್ತು. ಗಂಡನ ಕಡೆಯವರಿಗೆ ಆ ಪುಟ ಭಾಷಾಂತರಕ್ಕೆ ಯೋಗ್ಯವೆನಿಸಿರಲಿಲ್ಲ.

“ಜಡ್ಜ್ ಸಾಹೇಬ್ರು ಅಡಿಟಿಪ್ಪಣಿ ಓದತಾರೇನ್ರಿ?” ಎಂದು ವಕೀಲರು ಗೊಣಗಿದರು.

ಆಗ ಆಕೆ ನನ್ನ ಕಡೆ ತಿರುಗಿದಳು. “ಚಾಚಾ, ಅವರಿಗೂ ಹಕ್ಕ ಐತಿ ಅಂತ ನೀವ ಬರದ್ರ, ನನ್ನ ಮಗಳನ್ನ ಒಯ್ತಾರೇನ್ರಿ?”

“ನನಗ ಗೊತ್ತಿಲ್ಲವ್ವಾ. ಆದ್ರ ಬಿಟ್ಟು ಬರದ್ರ ಅವರ ಕಡೆಯವರು ಹಿಡೀತಾರ. ಆಮ್ಯಾಲ ನಿನ್ನ ಕಡೆ ಇರೂ ಖರೇನೂ ಯಾರೂ ನಂಬೂದಿಲ್ಲ.”

ಧೈರ್ಯದ ಮಾತು ನನಗೆ ಸುಲಭ. ಮಗು ಹೋದರೆ ಹೋಗುವುದು ಆಕೆಯದು, ನನ್ನದಲ್ಲವಲ್ಲ.

ಹಾವೇರಿ ಕೋರ್ಟಿನಲ್ಲಿ ನನ್ನನ್ನು ಸಾಕ್ಷಿಯಾಗಿ ಕರೆದರು. ಗಂಡನ ವಕೀಲರು ಕೋಟು ಸರಿಪಡಿಸಿಕೊಂಡು ಎದ್ದರು. “ವಿಲಾಯಾಕ್ಕ ಇಂಗ್ಲಿಷಿನ್ಯಾಗ ಒಂದ ಶಬ್ದ ಹೇಳ್ರಿ.”

“ಇಲ್ರಿ.”

“ಗೊತ್ತಿಲ್ಲಂದ್ರ ನೀವು ಎಂಥಾ ಅನುವಾದಕರು?”

“ಗೊತ್ತಿಲ್ಲ ಅಂದಿಲ್ರಿ. ಇಲ್ಲ ಅಂದೆ.”

ವಕೀಲರು ಅದೇ ಪ್ರಶ್ನೆಯನ್ನು ಬೇರೆ ಬೇರೆ ವೇಷದಲ್ಲಿ ಕೇಳಿದರು, ನಾನು ಅದೇ ಉತ್ತರವನ್ನು ಕೊಟ್ಟೆ. ಅಷ್ಟರಲ್ಲಿ ನ್ಯಾಯಾಧೀಶರು ಕನ್ನಡಕ ಮೇಲೇರಿಸಿ ಯಾರೂ ಓದುವುದಿಲ್ಲವೆಂದಿದ್ದ ಟಿಪ್ಪಣಿಯನ್ನೇ ಓದುತ್ತಿದ್ದರು. ಒಳಪುಟದ ಆ ಸಾಲನ್ನು ನನ್ನಿಂದ ಓದಿಸಿದರು.

ಆದೇಶ ಕೆಲವು ವಾರಗಳಲ್ಲಿ ಬಂತು. ಪರದೇಶದ ತೀರ್ಪನ್ನು ಪರಿಗಣಿಸಲಾಗಿದೆ, ಆದರೆ ಮಗುವಿನ ಹಿತವೇ ಮೊದಲು. ಮಗಳು ತಾಯಿಯ ಬಳಿಯೇ ಇರಲಿ, ತಂದೆ ಬಂದು ನೋಡಬಹುದು. ಜೊತೆಗೊಂದು ಸಾಲು: ಪಾಸ್‌ಪೋರ್ಟಿನಂಥ ವಿಷಯಗಳಿಗೆ ತಂದೆಯ ಒಪ್ಪಿಗೆ ಬೇಕು. ಅದಕ್ಕೆ ಆಧಾರವೆಂದು ನನ್ನ ಟಿಪ್ಪಣಿಯನ್ನೇ ಉಲ್ಲೇಖಿಸಿದ್ದರು.

ಕೋರ್ಟಿನ ಹೊರಗೆ ಚಹಾದಂಗಡಿಯ ಮುಂದೆ ನಮ್ಮ ವಕೀಲರು ತಮ್ಮ ಅಡಿಟಿಪ್ಪಣಿಯ ತಂತ್ರವನ್ನು ಇಬ್ಬರು ಕಿರಿಯರಿಗೆ ವಿವರಿಸುತ್ತಿದ್ದರು. ಕೇಳಿ ನನಗೂ ಹೊಸ ವಿಷಯ ತಿಳಿಯಿತು.

ಆಕೆ ಆದೇಶದ ಪ್ರತಿ ಹಿಡಿದು ನನ್ನ ಬಳಿ ಬಂದಳು. ಮಗಳ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಿತ್ತು.

“ಇನ್ನ ಅವರ ಸಹಿ ಕೇಳಾಕ ಅವರ ಮನೀಗೆ ಹೋಗಬೇಕಲ್ರಿ, ಚಾಚಾ.”

“ಹೌದವ್ವಾ.”

“ನೀವು ಅದನ್ನ ಬಿಟ್ಟಿದ್ರ ಬೇಕಾಗತಿರಲಿಲ್ಲ.”

ಸಿಟ್ಟೇನೂ ಆಕೆಯ ದನಿಯಲ್ಲಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ಆಕೆ ಕಾಗದವನ್ನು ಚೀಲದಲ್ಲಿಟ್ಟುಕೊಂಡು, “ಮಗಳು ಶಾಲಿ ಬಿಟ್ಟ ಬರೂ ಹೊತ್ತಾತು, ನನ್ನ ಕಾಣದಿದ್ರ ಅಳತಾಳ,” ಎಂದು ಬ್ಯಾಡಗಿ ಬಸ್ಸು ಹತ್ತಿದಳು.