ಕಮಿಟ್ ಮಾಡದೆ ಊಟಕ್ಕೆ ಕೂತವನು

೨೦೦೪ರಲ್ಲಿ ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟೆ. ದಾಂಡೇಲಿಯ ಲಾರಿ ಕಚೇರಿಗೆ ಹಮಾಲನಾಗಿ ಸೇರಿದವನು ಈಗ ಅಲ್ಲಿಯ ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಹಳಿಯಾಳ ಶಾಖೆಯ ಹೊಸ ಅಕೌಂಟಂಟ್ ನನ್ನನ್ನು ‘ಸಾಲಿ ಬಿಟ್ಟ ಸಾಹೇಬ್ರು’ ಎನ್ನುತ್ತಿದ್ದ.

ಟ್ರಿಪ್‌ಗಳ ಟೇಬಲ್ ಅಳಿಸಿದ ಸಾಲುಗಳ ಖಾಲಿ ಜಾಗದಿಂದ ಉಬ್ಬಿ ನಿಧಾನವಾಗಿತ್ತು. ಗೇಟಿನಲ್ಲಿ ಪ್ರತಿ ಲಾರಿಯ ನಮೂದೂ ಅದರಲ್ಲೇ ಆಗುವುದರಿಂದ, ಅದನ್ನು ಮುಚ್ಚಿ ಲಾರಿ ನಿಲ್ಲಿಸುವಂತಿರಲಿಲ್ಲ. ಹಾಗಾಗಿ ಟೇಬಲ್ ಮುಚ್ಚದೆಯೇ ಅದನ್ನು ಒತ್ತಾಗಿ ಮರುಜೋಡಿಸುವ ರೀಪ್ಯಾಕ್ ಎಂಬ ಪ್ರೋಗ್ರಾಂ ಹಚ್ಚಿ, ಪಕ್ಕದಲ್ಲೇ ಹೊಸ ಪ್ರತಿ, ಹೊಸ ಇಂಡೆಕ್ಸ್ ಕಟ್ಟಿಸಿದೆ. ನಡುವೆ ಬಂದ ಬದಲಾವಣೆಗಳೂ ಅದಕ್ಕೆ ಸೇರುತ್ತಿದ್ದವು. ಕೊನೆಗೆ ಹಳೆಯದರ ಜಾಗದಲ್ಲಿ ಹೊಸದನ್ನು ಕೂರಿಸಲು ಬೇರೆ ಯಾರೂ ಟೇಬಲ್ ಮುಟ್ಟದಂತೆ ಕ್ಷಣಮಾತ್ರದ ಪೂರ್ಣ ಲಾಕ್ ಬೇಕು. ಅದು ಸಿಗಲಿಲ್ಲ. ಅಕೌಂಟಂಟ್ ತಾನು ತಿದ್ದಿದ ಟ್ರಿಪ್‌ಗಳನ್ನು ಕಮಿಟ್ ಮಾಡದೆ, ಅಂದರೆ ಕಾಯಂ ಆಗಿ ಉಳಿಸದೆ, ಹಿಡಿದಿಟ್ಟಿದ್ದ. ಸಂಜೆಯೊಳಗೆ ಆ ಲೆಕ್ಕ ಕೊಡದಿದ್ದರೆ ಅವನ ನೌಕರಿ ಉಳಿಯುವುದಿಲ್ಲ ಎಂದು ಮಾಲೀಕರು ಹೇಳಿದ್ದರು. ಅಕೌಂಟಂಟ್‌ಗೆ ಫೋನ್ ಮಾಡಿದೆ.

“ಕಮಿಟ್ ಮಾಡ್ರಿ. ಇಲ್ಲಾಂದ್ರ ರೀಪ್ಯಾಕ್ ನಿಮ್ಮ ಕನೆಕ್ಷನ್ ಕಡದ ಒಗೀತೈತಿ.”

“ಊಟಕ್ಕ ಕುಂತೇನ್ರಿ. ಒಂಬತ್ತನೇತ್ತಾ ಕಲ್ತವ್ರು ನನಗ ಹೆದರಸಬ್ಯಾಡ್ರಿ.”

ರೀಪ್ಯಾಕ್ ನಿಲ್ಲಿಸಿ, ಯಾರ ಕನೆಕ್ಷನ್ನೂ ಕಡಿಯಬೇಡ ಎಂಬ ಆಯ್ಕೆ ಕೊಟ್ಟು ಮತ್ತೆ ಶುರು ಮಾಡಬಹುದಿತ್ತು. ನಾನು ಪರದೆ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ರೀಪ್ಯಾಕ್ ಅವನ ಕನೆಕ್ಷನ್ ಕಡಿಯಿತು, ಅವನು ತಿದ್ದಿದ್ದೆಲ್ಲ ಅಳಿಯಿತು, ಹೊಸ ಟೇಬಲ್ ಕೂತಿತು.

ಸಂಜೆ ಅವನೇ ಫೋನ್ ಮಾಡಿದ. “ಅಣ್ಣಾ, ಮಾಲೀಕರಿಗೆ ನೀವೊಂದ ಮಾತ ಹೇಳ್ರಿ.”

“ಊಟ ಆತೇನ್ರಿ?” ಅಂದು ಫೋನ್ ಇಟ್ಟೆ.

ಮರುದಿನ ಅವನನ್ನು ತೆಗೆದರು. ಈಗ ನನ್ನ ಹತ್ತಿರ ಅರ್ಧಕ್ಕಿಳಿದ ಒಂದು ಟೇಬಲ್, ಮೂರು ಹೊಸ ಇಂಡೆಕ್ಸ್, ಅವನ ಹಳಿಯಾಳದ್ದೂ ಸೇರಿ ಎರಡು ಶಾಖೆಗಳ ಕೆಲಸ ಇವೆ.