ಹದಿನಾರು ಖಾಲಿ ಗುಂಡುಗಳು

ಬಂಗಾರಪೇಟೆಯ ನನ್ನ ಕೋಚಿಂಗ್ ಕೋಣೆಯಲ್ಲಿ ತ್ರಿವೇಣಿಯಷ್ಟು ಓದಿದವರು ಇರಲಿಲ್ಲ, ಅವಳಷ್ಟು ಹೆದರುಪುಕ್ಕಿಯೂ ಇರಲಿಲ್ಲ. ಚಾಂಪಿಯನ್ ರೀಫ್ಸ್‌ನಿಂದ ದಿನಾ ರೈಲಿನಲ್ಲಿ ಬರುತ್ತಿದ್ದಳು. ಮನೆಯಲ್ಲಿ ಕೂಲಿಗೆ ಹೋಗುವ ತಾಯಿ ತಾಯಮ್ಮ, ಇವಳು, ಇಬ್ಬರೇ. ಸರ್ಕಾರಿ ಕೆಲಸದ ಪರೀಕ್ಷೆ ಬರೆದು ಬಂದಾಗಲೆಲ್ಲ ತಾಯಮ್ಮ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಎಷ್ಟು ಬಿಟ್ಟು ಬಂದೆ ಅಮ್ಮಿ?”

ಆ ವರ್ಷ ನೂರು ಪ್ರಶ್ನೆಗಳಲ್ಲಿ ಹದಿನಾರಕ್ಕೆ ಉತ್ತರಪತ್ರಿಕೆಯ ಗುಂಡು ತುಂಬದೆ ಖಾಲಿ ಬಿಟ್ಟು ಬಂದಿದ್ದಳು. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಎಪ್ಪತ್ತನಾಲ್ಕು ಸರಿ, ಹತ್ತು ತಪ್ಪು. ಎರಡೂವರೆ ಕಳೆದು ಎಪ್ಪತ್ತೊಂದೂವರೆ. ಕಟಾಫ್ ಎಪ್ಪತ್ತಮೂರಕ್ಕೆ ನಿಂತಿತು.

“ತಪ್ಪಾದ್ರೆ ಇರೋದೂ ಓಗ್ತದಲ್ಲ ಸಾರ್,” ಎಂದಳು.

ನನಗೆ ರೇಗಿಹೋಯಿತು. ಬೋರ್ಡಿನ ಮುಂದೆ ನಿಲ್ಲಿಸಿದೆ. “ನಾಲ್ಕು ಆಯ್ಕೆ. ಹದಿನಾರಕ್ಕೂ ಕಣ್ಣು ಮುಚ್ಚಿ ಗುಂಡು ತುಂಬಿದರೂ ಸರಾಸರಿ ನಾಲ್ಕು ಸರಿ, ಹನ್ನೆರಡು ತಪ್ಪು. ನಾಲ್ಕು ಬಂತು, ಮೂರು ಹೋಯಿತು, ಒಂದು ಉಳಿಯಿತು. ಎರಡು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಿದ್ದರೆ ಎಂಟು ಸರಿ, ಎಂಟು ತಪ್ಪು; ಎಂಟರಲ್ಲಿ ಎರಡು ಹೋದರೆ ಆರು. ಬಿಟ್ಟರೆ ಸೊನ್ನೆ!”

“ಸರಾಸರಿ ಅಂದ್ರೆ ನಂಗೂ ಅಷ್ಟೇ ಬರ್ತದಾ ಸಾರ್?”

“ಇಲ್ಲ. ಕಡಿಮೆಯೂ ಆಗಬಹುದು. ಕಡಿತ ಮೂರನೇ ಒಂದು ಭಾಗ ಇದ್ದಿದ್ದರೆ ಕಣ್ಣು ಮುಚ್ಚಿ ಹಾಕಿ ಏನೂ ಸಿಗುತ್ತಿರಲಿಲ್ಲ. ಇಲ್ಲಿ ಬಿಡುವುದೇ ನಷ್ಟ.”

ಮುಂದಿನ ಪರೀಕ್ಷೆಯೇ ಅವಳಿಗೆ ಕೊನೆಯದು. ಆಮೇಲೆ ವಯಸ್ಸು ಮೀರುತ್ತಿತ್ತು. ಅದಕ್ಕೆ ಮೊದಲೇ ತಾಯಮ್ಮ ತೀರಿಕೊಂಡರು. ತ್ರಿವೇಣಿ ಮಾತ್ರ ತರಗತಿ ತಪ್ಪಿಸಲಿಲ್ಲ. ಎಲ್ಲರೂ ಹೋದಮೇಲೂ ಕೂತಿರುತ್ತಿದ್ದಳು. ಬೀಗ ಹಾಕಿದ ಮನೆಗೆ ಯಾರು ತಾನೇ ಆತುರದಿಂದ ಹೋಗುತ್ತಾರೆ? ನನಗೂ ಮನೆಯಲ್ಲಿ ಕಾಯುವವರಿಲ್ಲ, ಹಾಗಾಗಿ ಏಳು ಅನ್ನುತ್ತಿರಲಿಲ್ಲ.

ಆಯ್ಕೆ ಪಟ್ಟಿ ಬಂದ ದಿನ ಸಂಜೆ ಅವಳೇ ಬೋರ್ಡಿನ ಮೇಲೆ ಬರೆದಳು. ಖಚಿತವಾಗಿ ಬರೆದ ಎಂಬತ್ತನಾಲ್ಕರಲ್ಲಿ ಎಪ್ಪತ್ತಾರು ಸರಿ, ಎಂಟು ತಪ್ಪು: ಎಪ್ಪತ್ತನಾಲ್ಕು. ಅನುಮಾನದವು ಹದಿನಾರು. ಎಲ್ಲದರಲ್ಲೂ ಎರಡೆರಡು ಆಯ್ಕೆ ಹೊಡೆದುಹಾಕಿಯೇ ಗುಂಡು ತುಂಬಿದ್ದಳು. ಸರಿಯಾದದ್ದು ಬರೀ ನಾಲ್ಕು! ಹಾಳು ಅದೃಷ್ಟ, ಕಣ್ಣು ಮುಚ್ಚಿ ಹಾಕಿದಂತೆಯೇ ಆಗಿತ್ತು. ಆದರೂ ಒಂದು ಉಳಿಯಿತು. ಒಟ್ಟು ಎಪ್ಪತ್ತೈದು.

ಕಟಾಫ್ ಎಪ್ಪತ್ತನಾಲ್ಕೂವರೆ.

ನಾನು ಕುಣಿಯುವುದೊಂದು ಬಾಕಿ. ಅವಳು ನಗಲಿಲ್ಲ. ಕೈಯಲ್ಲಿ ಫೋನ್ ಹಿಡಿದು ನೋಡಿದಳು, ಯಾರಿಗೂ ಮಾಡದೆ ಚೀಲಕ್ಕೆ ಹಾಕಿದಳು.

“ಸಾರ್, ಒಂದ್ ಮಾತು ಕೇಳ್ತೀರಾ ನನ್ನ? ಎಷ್ಟು ಬಿಟ್ಟು ಬಂದೆ ಅಂತ.”

ಕೇಳಿದೆ. “ಎಷ್ಟು ಬಿಟ್ಟು ಬಂದೆ ಅಮ್ಮಿ?”

“ಒಂದೂ ಬಿಡ್ಲಿಲ್ಲಮ್ಮ,” ಎಂದಳು, ಬೋರ್ಡಿನ ಕಡೆಗೆ ತಿರುಗಿ.