ಗದ್ದೆಯ ನಡುವಿನ ಗುಂಡು ಕಲೆ

ಮಂಗಳೂರಿನ ಕೃಷಿ ಕಚೇರಿಯಲ್ಲಿ ನಾನು ಹುಳದ ಮನುಷ್ಯನೆಂದೇ ಹೆಸರಾಗಿದ್ದೆ. ಯಾರು ಎಂಥ ಎಲೆ ತಂದರೂ ಅರ್ಧ ನಿಮಿಷದಲ್ಲಿ ರೋಗ ಹೇಳಿ, ಮದ್ದಿನ ಚೀಟಿ ಬರೆದು ಕೈಗಿಡುತ್ತಿದ್ದೆ. ಎಂಬತ್ತರ ದಶಕದ ಆರಂಭದ ಒಂದು ಸುಗ್ಗಿ ಬೆಳೆಯ ತನಕ ಆ ಜಂಬ ನನಗಿತ್ತು.

ಉಳ್ಳಾಲದ ಕಡೆಯ ರೈತರೊಬ್ಬರು ಒಂದು ಮಧ್ಯಾಹ್ನ ಕಪ್ಪು ಬಿಳುಪಿನ ಫೋಟೊ ತಂದು ಮೇಜಿನ ಮೇಲಿಟ್ಟರು. ಸ್ಟುಡಿಯೋದಲ್ಲಿ ಕೆಲಸ ಮಾಡುವ ಅಳಿಯ ಮರ ಹತ್ತಿ ತೆಗೆದದ್ದಂತೆ. ಭತ್ತದ ಗದ್ದೆಯ ನಡುವೆ ಗುಂಡಗಿನ ಮಾಸಲು ಕಲೆ. ಅದರ ಅಂಚಿನಲ್ಲಿ ಅವರ ಹೆಂಡತಿ ನಿಂತಿದ್ದರು.

"ಎಂತ ಆಗಿದೆ ಸಾರ್? ಅದೊಂದು ಹೇಳಿ, ಸಾಕು."

"ಹಳದಿಯೋ?"

"ಹೌದು, ಹಳದಿ."

"ಜಿಗಿಹುಳು ಮಾರಾಯ್ರೇ. ಬುಡದಲ್ಲಿ ಕೂತು ರಸ ಹೀರ್ತದೆ. ಗದ್ದೆ ಹೀಗೆ ಗುಂಡಗೆ ಸುಟ್ಟ ಹಾಗೆ ಕಾಣ್ತದೆ. ನಾಳೆ ಬೆಳಿಗ್ಗೆಯೇ ನಡುವೆ ಇಳಿದು ಬುಡಕ್ಕೆ ಮದ್ದು ಬಿಡಿ."

"ನನ್ನ ಕಾಲು ಸರಿ ಇಲ್ಲ. ಇವಳೇ ಇಳಿಯಬೇಕಷ್ಟೆ" ಎಂದು ಫೋಟೊದಲ್ಲಿದ್ದ ಹೆಂಡತಿಯತ್ತ ಬೆರಳು ತೋರಿಸಿ, ಚೀಟಿ ಮಡಚಿಕೊಂಡು ಹೋದರು. ಫೋಟೊ ನನ್ನ ಮೇಜಿನಲ್ಲೇ ಉಳಿಯಿತು.

ಸಂಜೆ ಬೀಗ ಹಾಕುವ ಮುಂಚೆ ಸುಮ್ಮನೆ ಭೂತಗನ್ನಡಿ ಹಿಡಿದೆ. ಕಲೆಯ ಹೊರಗೆ ಭತ್ತ ಆಕೆಯ ಮೊಣಕಾಲು ಮುಟ್ಟುತ್ತಿತ್ತು, ಒಳಗೆ ಪಾದದ ಗಂಟಿನಷ್ಟೇ. ಹುಳ ತಿಂದ ಪೈರು ಬೆಳೆದು ಒಣಗುತ್ತದೆ. ಇದು ಬೆಳೆದೇ ಇರಲಿಲ್ಲ. ಅಂಚಾದರೋ, ಯಾರೋ ಹಗ್ಗ ಹಿಡಿದು ಗೀರಿದಷ್ಟು ಗುಂಡಗೆ. ಆಕೆಯ ನೆರಳು ಅದರೊಳಗೆ ಬಿದ್ದಿತ್ತು. ಇದು ರೋಗವಲ್ಲ, ಅಡಿಯಲ್ಲಿ ಬೇರೇನೋ ಇದೆ ಎಂದು ನನಗೆ ಹೆದರಿಕೆಯಾಯಿತು. ಕಳೆದ ವರ್ಷವೂ ಅಲ್ಲೇ ಹೀಗಿತ್ತೇ ಎಂದು ಒಂದು ಮಾತು ಕೇಳಿರಲಿಲ್ಲವಲ್ಲ, ನನ್ನ ತಲೆಗಿಷ್ಟು!

ಮರುದಿನ ಮೊದಲ ಬಸ್ಸಿಗೇ ನೇತ್ರಾವತಿ ದಾಟಿದೆ. ಗದ್ದೆಯಲ್ಲಿ ಗಾಳಿಗೆ ಭತ್ತವೆಲ್ಲ ಅಲುಗುತ್ತಿತ್ತು, ಆ ಕಲೆಯೊಂದು ಬಿಟ್ಟು. ಸುತ್ತ ಹಸಿ ಕೆಸರು, ಕಲೆಯೊಳಗೆ ಮಾತ್ರ ಒಣ ಬಿರುಕು. ಬಿಟ್ಟ ನೀರು ಅಲ್ಲಿ ಎಲ್ಲಿಗೋ ಇಳಿದುಹೋಗುತ್ತಿತ್ತು. ಬೆನ್ನಿಗೆ ಸ್ಪ್ರೇಯರ್ ಹೊತ್ತ ಆಕೆ ಆಗಲೇ ಕಲೆಯೊಳಗೆ ಎರಡು ಹೆಜ್ಜೆ ಇಟ್ಟಿದ್ದರು.

"ಅಕ್ಕಾ, ಬಂದ ಹೆಜ್ಜೆಯಲ್ಲೇ ಹಿಂದೆ ಬನ್ನಿ. ಮೆಲ್ಲ."

ಆಕೆ ನನ್ನ ಮುಖ ನೋಡಿದರು, ಒಂದೊಂದೇ ಹೆಜ್ಜೆ ಹಿಂದಿಟ್ಟು ಬಂದರು.

"ಇದು ಪ್ರತಿ ಸುಗ್ಗಿಗೂ ಇಲ್ಲೇ ಉಂಟಾ?" ಎಂದು, ಅಷ್ಟರಲ್ಲಿ ಕುಂಟುತ್ತ ಹತ್ತಿರ ಬಂದ ರೈತರನ್ನು ಕೇಳಿದೆ.

"ಗದ್ದೆ ಕೊಂಡ ವರ್ಷದಿಂದಲೂ ಉಂಟು. ವರ್ಷವೂ ಉಳುತ್ತೇವಲ್ಲ ಸಾರ್, ಏನೂ ಆಗಿಲ್ಲ."

ನಾನು ಅವರ ಮನೆಯ ಹಾರೆ ತರಿಸಿ, ಅಂಚಿನ ಹೊರಗೇ ನಿಂತು, ಕೈಚಾಚಿ ಊರಿದೆ. ಒಂದು ಗೇಣು ಮಣ್ಣು, ಆಮೇಲೆ ಮರ. ಅದು ಹಳೆಯ ಬಾವಿಗೆ ಅಡ್ಡ ಹಾಕಿದ್ದ ತೆಂಗಿನ ದಿಮ್ಮಿ. ಇನ್ನೊಮ್ಮೆ ಊರಿದಾಗ ಕೊಳೆತ ದಿಮ್ಮಿ ಮೆತ್ತಗೆ ಮುರಿದು ಹಾರೆ ಕೈಜಾರಿತು. ತಡವಾಗಿ, ಕೆಳಗೆ ನೀರಿನ ಸದ್ದು ಕೇಳಿತು.

ಆಕೆ ಬೆನ್ನಿನ ಸ್ಪ್ರೇಯರ್ ಕಳಚಿ ಕೆಳಗಿಟ್ಟರು. ರೈತರು ಆ ತೂತನ್ನು ನೋಡಿ, ಕಿಸೆಯಿಂದ ನನ್ನ ಚೀಟಿ ತೆಗೆದು ನನ್ನ ಕೈಗೇ ಕೊಟ್ಟರು.

"ಎಂತ ಆಗಿದೆ ಅಂತ ಮಾತ್ರ ನಾನು ಕೇಳಿದ್ದು ಸಾರ್. ಇವಳು ಇಳಿದದ್ದು ನಿಮ್ಮ ಮಾತಿಗೆ."